ಮೋಟರ್ ಶುರುವಾದಾಗೆಲ್ಲ ಎಲ್‌ಸಿಡಿಲಿ ಚೀನಾ ಅಕ್ಷರ: ಫೋರ್ ಬಿಟ್ ಇನಿಟ್‌ನ ಒಂದು ಕೇಸ್

ನಮ್ಮ ಚಿಕ್ಕಪ್ಪನ ತೋಟದ ಬೋರ್‌ವೆಲ್ ಪ್ಯಾನಲ್‌ಗೆ ನಾನೇ ಒಂದು ಸಣ್ಣ ಕಂಟ್ರೋಲರ್ ಮಾಡ್ಕೊಟ್ಟಿದ್ದೆ. ಒಳಗೆ ಒಂದು ATmega328P ಪ್ರೊಸೆಸರ್, ಎಸ್.ಪಿ. ರೋಡಲ್ಲಿ ತಂದ ಮಾಮೂಲಿ ಹದಿನಾರು ಅಕ್ಷರ ಎರಡು ಸಾಲಿನ ಹಸಿರು ಎಲ್‌ಸಿಡಿ, 9 ವೋಲ್ಟ್ ಟ್ರಾನ್ಸ್‌ಫಾರ್ಮರ್, ಒಂದು 7805, ಸ್ಟಾರ್ಟರ್‌ನ ಸ್ಟಾರ್ಟ್ ಬಟನ್‌ಗೆ ಸಮಾನಾಂತರವಾಗಿ ಒಂದು ರಿಲೇ, ಅಷ್ಟೇ. ರಿಲೇ ಒಂದು ಸೆಕೆಂಡ್ ಒತ್ತಿ ಬಿಡುತ್ತೆ, ಆಮೇಲೆ ಕಾಂಟ್ಯಾಕ್ಟರ್ ತಾನೇ ಹಿಡ್ಕೊಳ್ಳುತ್ತೆ. ಮನೇಲಿ ಮೇಜಿನ ಮೇಲೆ ಒಂದು ವಾರ ಓಡ್ಸಿ ನೋಡಿದ್ದೆ, ಒಂದೇ ಒಂದು ಸಲಾನೂ ತೊಂದ್ರೆ ಕೊಟ್ಟಿರ್ಲಿಲ್ಲ. ತೋಟಕ್ಕೆ ಹೋಗಿ ಫಿಟ್ ಮಾಡಿ ಬಂದು ಎರಡು ದಿನಕ್ಕೆ ಫೋನ್ ಬಂತು.

"ಏ ಮಗ, ನಿನ್ನ ಡಬ್ಬಿಲಿ ಏನೋ ಚೀನಾ ಅಕ್ಷರ ಬರ್ತಿದೆ ಕಣೋ. ಮೋಟರ್ ಏನೋ ಓಡ್ತಿದೆ, ನೀರೂ ಬರ್ತಿದೆ, ಇದೊಂದು ಓದಕ್ಕಾಗಲ್ಲ."

ಫೋಟೋ ಕಳ್ಸಿ ಅಂದೆ. ಅವರು ಫೋಟೋ ಜೊತೆಗೆ ಇನ್ನೊಂದು ಮಾತು ಹೇಳಿದ್ರು, ನಿಜವಾಗ್ಲೂ ಈ ಕೇಸ್ ಬಿಚ್ಕೊಂಡಿದ್ದು ಆ ಮಾತಿಂದ. "ಕೆಟ್ಟಾಗ ನಾನೇನ್ ಮಾಡ್ತೀನಿ ಅಂದ್ರೆ ಮೋಟರ್ ಆಫ್ ಮಾಡಿ ತಿರ್ಗ ಆನ್ ಮಾಡ್ತೀನಿ, ಸರಿಹೋಗುತ್ತೆ. ಆದ್ರೆ ಮುಂದಿನ ಸಲ ಆನ್ ಮಾಡಿದ್ರೆ ಮತ್ತೆ ಕೆಡುತ್ತೆ. ಒಂದು ಬಿಟ್ಟು ಒಂದು."

ಒಂದು ಬಿಟ್ಟು ಒಂದು. ನಾಯ್ಸ್ ಆಗಿದ್ರೆ ಹೀಗೆ ಲೆಕ್ಕ ಇಟ್ಕೊಂಡು ಬರಲ್ಲ. ವೈರ್ ಲೂಸ್ ಆಗಿದ್ರೂ ಬರಲ್ಲ. ಸರಿ ತಪ್ಪು ಸರಿ ತಪ್ಪು ಅಂತ ಬರ್ತಿದೆ ಅಂದ್ರೆ ಎಲ್ಲೋ ಎರಡರಲ್ಲಿ ಒಂದು ಸ್ಥಿತಿ ಇರೋ ವಸ್ತು ಇದೆ, ಪ್ರತಿ ಸಲ ಅದು ಮಗುಚ್ಕೊಳ್ತಿದೆ ಅಂತ ಅರ್ಥ. ಫೋರ್ ಬಿಟ್ ಎಲ್‌ಸಿಡಿಲಿ ಅಂಥ ವಸ್ತು ಒಂದು ಇದ್ದೇ ಇದೆ.

ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಈ ಎಲ್‌ಸಿಡಿಗಳ ಹಿಂದೆ ಕರಿ ಮುದ್ದೆ ಥರ ಕೂತಿರೋ ಚಿಪ್ಪು ಹಿಟಾಚಿಯ HD44780 ಇಲ್ಲಾ ಅದರ ಥರಾನೇ ನಡ್ಕೊಳ್ಳೋ ಬೇರೆ ಕಂಪನಿ ಚಿಪ್ಪು. ಇದಕ್ಕೆ ಎಂಟು ಡೇಟಾ ಲೈನ್ ಇವೆ, ಪಿನ್ ಉಳಿಸ್ಬೇಕು ಅಂದ್ರೆ ಮೇಲಿನ ನಾಲ್ಕನ್ನ ಮಾತ್ರ ಹಾಕಿ ಒಂದೊಂದು ಬೈಟನ್ನ ಎರಡು ಕಂತಲ್ಲಿ ಕಳಿಸ್ಬಹುದು, ನಾಲ್ಕು ಬಿಟ್‌ನ ಒಂದು ಕಂತಿಗೆ ನಿಬಲ್ ಅಂತಾರೆ, ಮೊದಲು ಮೇಲಿನ ನಿಬಲ್ ಆಮೇಲೆ ಕೆಳಗಿನ ನಿಬಲ್. ಪ್ರತಿ ನಿಬಲ್‌ಗೂ ಎನೇಬಲ್ ಪಿನ್ನಿಗೆ ಒಂದು ಪಲ್ಸ್. ಇಲ್ಲಿ ಗಮನಿಸ್ಬೇಕಾದ್ದು ಏನಂದ್ರೆ, ಈಗ ಬಂದಿದ್ದು ಮೇಲಿನ ನಿಬಲ್ಲೋ ಕೆಳಗಿನದೋ ಅಂತ ಹೇಳೋಕೆ ಯಾವ ವೈರೂ ಇಲ್ಲ. ಚಿಪ್ಪು ಒಳಗೇ ಎಣಿಸ್ಕೊಂಡಿರುತ್ತೆ, ಒಂದು, ಎರಡು, ಒಂದು, ಎರಡು. ನಾವೂ ಈ ಕಡೆ ಹಾಗೇ ಎಣಿಸ್ತಿರ್ತೀವಿ. ಇಬ್ಬರ ಎಣಿಕೆ ಒಂದು ಹೆಜ್ಜೆ ತಪ್ಪಿದ್ರೂ ಅಲ್ಲಿಂದ ಮುಂದೆ ಒಂದು ಬೈಟಿನ ಬಾಲ ಇನ್ನೊಂದು ಬೈಟಿನ ತಲೆಗೆ ಅಂಟ್ಕೊಂಡು ಹೋಗ್ತಾನೇ ಇರುತ್ತೆ. ಇದಕ್ಕೆ ರೀಸೆಟ್ ಪಿನ್ನೂ ಇಲ್ಲ, ಹದಿನಾರು ಪಿನ್ನಲ್ಲಿ ಹುಡುಕಿದ್ರೂ ಸಿಗಲ್ಲ.

ಎಲ್‌ಸಿಡಿನ ಶುರುವಲ್ಲಿ ಸಜ್ಜು ಮಾಡೋ ನನ್ನ ಹಳೇ ಇನಿಟ್ ಕೋಡ್ ಹೀಗಿತ್ತು:

```c
_delay_ms(20);
nib(0x2); _delay_ms(5);
cmd(0x28); _delay_ms(5);
cmd(0x06); _delay_ms(5);
cmd(0x0C); _delay_ms(5);
cmd(0x01); _delay_ms(2);
```

`nib` ಅಂದ್ರೆ ಒಂದು ನಿಬಲ್, `cmd` ಅಂದ್ರೆ ಎರಡು ನಿಬಲ್ ಸೇರಿಸಿ ಪೂರ್ತಿ ಬೈಟ್. ಇದರ ಹಿಂದಿನ ಯೋಚನೆ ಇಷ್ಟು: ಚಿಪ್ಪಿಗೆ ಕರೆಂಟ್ ಬಂದ ತಕ್ಷಣ ಒಳಗಿರೋ ರೀಸೆಟ್ ಸರ್ಕ್ಯೂಟ್ ಅದನ್ನ ಎಂಟು ಬಿಟ್ ಮೋಡಲ್ಲಿ ಕೂರಿಸುತ್ತೆ, ಅದಕ್ಕೆ ವೋಲ್ಟೇಜ್ 4.5 ಮುಟ್ಟಿದ ಮೇಲೆ 10 ಮಿಲಿಸೆಕೆಂಡ್ ಬೇಕು, ನಾವು 20 ಕಾಯ್ತೀವಿ, ಎಂಟು ಬಿಟ್ ಮೋಡಲ್ಲಿರೋ ಚಿಪ್ಪಿಗೆ ಒಂದೇ ಪಲ್ಸಲ್ಲಿ 2 ಕಳಿಸಿದ್ರೆ ಫೋರ್ ಬಿಟ್‌ಗೆ ಬರುತ್ತೆ, ಅಲ್ಲಿಂದ ಎರಡೆರಡು ನಿಬಲ್. ಬೆಳಿಗ್ಗೆ ತೋಟಕ್ಕೆ ಕರೆಂಟ್ ಬಂದಾಗ ಇದು ಸರಿಯಾಗೇ ನಡೀತಿತ್ತು. ಮನೇಲಿ ಮೇಜಿನ ಮೇಲೂ ನಾನು ಪ್ರತಿ ಸಲ ಪ್ಲಗ್ ಕಿತ್ತು ಹಾಕಿನೇ ಟೆಸ್ಟ್ ಮಾಡಿದ್ದು, ಅದಕ್ಕೇ ಸಿಕ್ಕಿರ್ಲಿಲ್ಲ.

ತೋಟಕ್ಕೆ ಸ್ಕೋಪ್ ತಗೊಂಡು ಹೋದೆ. 5 ವೋಲ್ಟ್ ಲೈನಿಗೆ ಪ್ರೋಬ್ ಹಾಕಿ ಚಿಕ್ಕಪ್ಪಂಗೆ ಮೋಟರ್ ಆನ್ ಮಾಡಕ್ಕೆ ಹೇಳ್ದೆ. ಮೋಟರ್ ಎಳೆಯೋ ಕ್ಷಣದಲ್ಲಿ ಲೈನ್ ವೋಲ್ಟೇಜ್ ಕುಸಿಯುತ್ತೆ, ಟ್ರಾನ್ಸ್‌ಫಾರ್ಮರ್ ಕಡೆಯಿಂದ 7805ಗೆ ಸಾಕಷ್ಟು ಸಿಗಲ್ಲ, 5 ವೋಲ್ಟ್ ಲೈನ್ ನೋಡ್ತಾ ನೋಡ್ತಾ 3.9ಕ್ಕೆ ಇಳಿದು ಹತ್ತಿರ ಹತ್ತಿರ ಅರ್ಧ ಸೆಕೆಂಡ್ ಅಲ್ಲೇ ನಿಂತು ಮತ್ತೆ ಮೇಲೆ ಬಂತು. ಅದೇ ಹೊತ್ತಲ್ಲಿ ಡಿಸ್‌ಪ್ಲೇ ಮೇಲಿನ ಅಕ್ಷರ ಮಸುಕಾಗಿ, ವೋಲ್ಟೇಜ್ ವಾಪಸ್ ಬಂದಾಗ ಮೊದಲಿದ್ದ ಬರಹಾನೇ ಒಂದು ಗಳಿಗೆ ಕಾಣಿಸಿ, ಆಮೇಲೆ ಕಸ ಆಯ್ತು. ಆ ಒಂದು ಗಳಿಗೆ ನೋಡಿದ್ದೇ ನೋಡಿದ್ದು, ಅರ್ಧ ಉತ್ತರ ಸಿಕ್ಬಿಡ್ತು: ಎಲ್‌ಸಿಡಿ ಸತ್ತೇ ಇರ್ಲಿಲ್ಲ.

ಯಾಕಂದ್ರೆ ನಾನು ಪ್ರೊಸೆಸರ್‌ಗೆ ಬ್ರೌನ್‌ಔಟ್ ಫ್ಯೂಸ್ 4.3 ವೋಲ್ಟ್‌ಗೆ ಇಟ್ಟಿದ್ದೆ. 3.9ಕ್ಕೆ ಬಂದ ತಕ್ಷಣ ಪ್ರೊಸೆಸರ್ ರೀಸೆಟ್ ಆಗುತ್ತೆ, ಅದು ಸರಿಯಾದ ನಡವಳಿಕೇನೇ. ಆದ್ರೆ ಎಲ್‌ಸಿಡಿ ಚಿಪ್ಪು 2.7 ವೋಲ್ಟ್ ವರೆಗೂ ಆರಾಮಾಗಿ ಕೆಲಸ ಮಾಡೋ ಜಾತಿ, 3.9 ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದರ ಒಳಗಿನ ರೀಸೆಟ್ ಕೆಲಸ ಮಾಡ್ಬೇಕು ಅಂದ್ರೆ ಡೇಟಾಶೀಟ್ ಪ್ರಕಾರ ವೋಲ್ಟೇಜ್ 0.2ಕ್ಕಿಂತ ಕೆಳಗೆ ಬಿದ್ದು ಕಮ್ಮಿ ಅಂದ್ರೆ 1 ಮಿಲಿಸೆಕೆಂಡ್ ಅಲ್ಲಿರ್ಬೇಕು, ಆಮೇಲೆ 0.1ರಿಂದ 10 ಮಿಲಿಸೆಕೆಂಡ್ ಒಳಗೆ 4.5ಕ್ಕೆ ಏರ್ಬೇಕು. ಇಲ್ಲಿ ಅದ್ಯಾವುದೂ ಆಗಿಲ್ಲ. ಅಂದ್ರೆ ಒಂದು ಕಡೆ ಈಗಷ್ಟೇ ಎದ್ದ ಪ್ರೊಸೆಸರ್, "ಎಲ್‌ಸಿಡಿ ಎಂಟು ಬಿಟ್‌ನಲ್ಲಿದೆ" ಅಂತ ನಂಬ್ಕೊಂಡು ಮಾತು ಶುರು ಮಾಡುತ್ತೆ, ಇನ್ನೊಂದು ಕಡೆ ಆಗ್ಲೇ ಫೋರ್ ಬಿಟ್‌ನಲ್ಲಿ ಕೂತಿರೋ ಎಲ್‌ಸಿಡಿ.

ಈಗ ಆ ಹಳೇ ಕೋಡ್ ಕಳಿಸೋ ನಿಬಲ್‌ಗಳನ್ನ ಒಂದು ಹಾಳೆ ಮೇಲೆ ಸಾಲಾಗಿ ಬರೀರಿ. ನಾನು ಅಲ್ಲೇ ಪಂಪ್‌ಹೌಸ್ ಕಟ್ಟೆ ಮೇಲೆ ಕೂತು ಬರೆದಿದ್ದು:

```
2  2 8  0 6  0 C  0 1
```

ನಾನು ಅಂದ್ಕೊಂಡಿದ್ದು ಮೊದಲ 2 ಒಂಟಿ, ಮಿಕ್ಕಿದ್ದು ಜೋಡಿ. ಆದ್ರೆ ಆಗ್ಲೇ ಫೋರ್ ಬಿಟ್‌ನಲ್ಲಿರೋ ಎಲ್‌ಸಿಡಿ ಮೊದಲಿಂದಾನೇ ಜೋಡಿ ಮಾಡ್ಕೊಂಡು ಹೋಗುತ್ತೆ:

```
22  80  60  C0  1?
```

ಅದಕ್ಕೆ ತಲುಪಿದ್ದೇ ಬೇರೆ. 0x22 ಅನ್ನೋದೂ ಫಂಕ್ಷನ್ ಸೆಟ್ಟೇ, ಆದ್ರೆ ಎರಡು ಸಾಲು ಅನ್ನೋ ಬಿಟ್ ಅದರಲ್ಲಿ ಸೊನ್ನೆ. 0x80 ಕರ್ಸರ್‌ನ ಮೊದಲ ಜಾಗಕ್ಕೆ ಕಳಿಸುತ್ತೆ. 0x60 ಅಂದ್ರೆ ನಾವೇ ಬರ್ಕೊಳ್ಳೋ ಅಕ್ಷರಗಳ ಮೆಮೊರಿ ಕಡೆಗೆ ತಿರುಗು ಅಂತ. 0xC0 ಮತ್ತೆ ಡಿಸ್‌ಪ್ಲೇ ಮೆಮೊರಿಯ 0x40ನೇ ವಿಳಾಸ. ಕ್ಲಿಯರ್ ಮಾಡೋ 0x01 ಬರ್ಲೇ ಇಲ್ಲ, ಅದರ 0 ಹಿಂದಿನ C ಜೊತೆ ಹೋಯ್ತು, 1 ಒಂದು ಮಾತ್ರ ಜೊತೆಗಾರ ಇಲ್ದೆ ಕಾಯ್ತಾ ಕೂತಿದೆ. ಹಾಗಾಗಿನೇ ಹಳೇ ಬರಹ ಅಳಿಸದೆ ಆ ಗಳಿಗೆ ಹಾಗೇ ಕಂಡಿದ್ದು.

ಆಮೇಲೆ ಬರಹ. ನನ್ನ ಪ್ರೋಗ್ರಾಂ ಬರೀತಿದ್ದಿದ್ದು `MOTOR ON` ಅಂತ. ಅದರ ಕೋಡ್‌ಗಳು 4D 4F 54 4F 52. ಮೊದಲ 4 ಆ ಒಂಟಿ 1ರ ಜೊತೆ ಹೋಗುತ್ತೆ. ಮಿಕ್ಕಿದ್ದು ಒಂದು ಹೆಜ್ಜೆ ಜಾರಿ D4, F5, 44, F5 ಆಗುತ್ತೆ. ಇಲ್ಲಿ ಸಿಗೋ ಮಾಮೂಲಿ ಎಲ್‌ಸಿಡಿಗಳ ಅಕ್ಷರದ ಟೇಬಲ್ ತೆಗೆದು ನೋಡಿದ್ರೆ D4 ಅನ್ನೋದು ಜಪಾನಿನ ಕಟಕಾನಾ ಲಿಪಿಯ 'ಯ', F5 ಅನ್ನೋದು ತಲೆ ಮೇಲೆ ಎರಡು ಚುಕ್ಕೆ ಇರೋ `ü`, 44 ಅಂದ್ರೆ `D`. ಫೋಟೋ ಮತ್ತೆ ತೆಗೆದು ಜೂಮ್ ಮಾಡ್ದೆ. ಮೆಯಿನ್ ಲೂಪ್ ಸೆಕೆಂಡಿಗೊಮ್ಮೆ ಬರೀತಾನೇ ಇರೋದ್ರಿಂದ ಜಾಗ ಎಲ್ಲಾ ಅಸ್ತವ್ಯಸ್ತ ಆಗಿತ್ತು, ಆದ್ರೆ ಕಸದ ಮಧ್ಯೆ `üDü` ಮೂರೂ ಪಕ್ಕಪಕ್ಕ ಕೂತಿದ್ವು. ಚಿಕ್ಕಪ್ಪನ ಚೀನಾ ಅಕ್ಷರ ಜಪಾನಿಂದು, ಅದು ಬಂದಿದ್ದು ನಮ್ಮ MOTORನ M, Oಗಳಿಂದಾನೇ.

ಎಲ್‌ಸಿಡಿಲಿ ಕಸ ಕಂಡಾಗ ನೀವೂ ಇದನ್ನ ಮಾಡಿ ನೋಡಿ. ಬರ್ಬೇಕಾಗಿದ್ದ ಪದದ ಕೋಡ್ ಬರ್ಕೊಂಡು ಒಂದು ನಿಬಲ್ ಜರುಗಿಸಿ ಟೇಬಲ್ ಜೊತೆ ಹೊಂದಿಸಿ. ಹೊಂದಿದ್ರೆ ಎಣಿಕೆ ತಪ್ಪಿದೆ, ವೈರಿಂಗ್ ಮುಟ್ಟೋ ಅಗತ್ಯ ಇಲ್ಲ. ಹೊಂದಲಿಲ್ಲ ಅಂದ್ರೆ, ಉದಾಹರಣೆಗೆ ಪ್ರತಿ ನಿಬಲ್‌ನಲ್ಲೂ ಅದದೇ ಬಿಟ್ ತಪ್ಪಿದ್ರೆ, ಯಾವ್ದೋ ಡೇಟಾ ವೈರ್ ಬಿಟ್ಟಿದೆ ಇಲ್ಲಾ ಎರಡು ಅದಲು ಬದಲಾಗಿವೆ. ಮೇಲಿನ ಸಾಲಲ್ಲಿ ಬರೀ ಕಪ್ಪು ಚೌಕ, ಕೆಳಗಿನ ಸಾಲು ಖಾಲಿ ಇದ್ರೆ ಇನಿಟ್ಟೇ ಆಗಿಲ್ಲ. ಈ ಮೂರೂ ಬೇರೆ ಬೇರೆ ರೋಗ.

ಒಂದು ಬಿಟ್ಟು ಒಂದು ಅನ್ನೋದೂ ಈಗ ಅರ್ಥ ಆಗುತ್ತೆ. ಕೆಟ್ಟ ಸ್ಥಿತಿಲಿ ಎಲ್‌ಸಿಡಿ ಯಾವಾಗ್ಲೂ ಒಂದು ನಿಬಲ್ ಕೈಲಿಟ್ಕೊಂಡು ಇನ್ನೊಂದಕ್ಕೆ ಕಾಯ್ತಿರುತ್ತೆ. ಮುಂದಿನ ಸಲ ಮೋಟರ್ ಶುರುವಾಗಿ ಪ್ರೊಸೆಸರ್ ರೀಸೆಟ್ ಆದಾಗ ಆ ಒಂಟಿ 2 ಹೋಗಿ ಆ ಜೋಡಿ ಮುಗಿಸುತ್ತೆ, ಅಲ್ಲಿಂದ 28, 06, 0C, 01 ಎಲ್ಲಾ ಸರಿಯಾಗಿ ಬೀಳ್ತವೆ. ಅದರ ಮುಂದಿನ ಸಲ ಮತ್ತೆ ಜಾರುತ್ತೆ. ಇನಿಟ್‌ನಲ್ಲಿ ನಿಬಲ್ ಸಂಖ್ಯೆ ಒಂಬತ್ತು, ಬೆಸ ಸಂಖ್ಯೆ, ಅಷ್ಟೇ ಕಾರಣ.

ಇಲ್ಲೇ ಒಂದು ವಿಷಯ ಹೇಳ್ಬೇಕು. ಕಾಲೇಜ್ ಪ್ರಾಜೆಕ್ಟ್‌ಗಳಲ್ಲಿ ತುಂಬಾ ಓಡಾಡೋ ಇನ್ನೊಂದು ಇನಿಟ್ ಇದೆ, ಅದು ಒಂಟಿ ನಿಬಲ್ ಬದಲು `cmd(0x02)` ಅಂತ ಪೂರ್ತಿ ಬೈಟ್ ಕಳಿಸಿ ಶುರು ಮಾಡುತ್ತೆ. ಅದು ಸಮ ಸಂಖ್ಯೆ. ಹಾಗಾಗಿ ರೀಸೆಟ್ ಒತ್ತಿದ್ರೆ ಕೆಡಲ್ಲ, ಆಗ್ಲೇ ಫೋರ್ ಬಿಟ್‌ನಲ್ಲಿದ್ರೆ 0x02 ಬರೀ ಹೋಮ್ ಕಮಾಂಡ್ ಆಗಿ ಕಳೆದುಹೋಗುತ್ತೆ. ನೋಡೋಕೆ ಇದೇ ವಾಸಿ ಅನ್ಸುತ್ತೆ. ಆದ್ರೆ ಯಾವತ್ತಾದ್ರೂ ಎರಡು ನಿಬಲ್ ಮಧ್ಯದಲ್ಲೇ ರೀಸೆಟ್ ಬಿದ್ದು ಒಂದು ಸಲ ಎಣಿಕೆ ತಪ್ಪಿದ್ರೆ ಮುಗೀತು, ಎಷ್ಟು ಸಲ ರೀಸೆಟ್ ಒತ್ತಿದ್ರೂ ಎಣಿಕೆ ತಪ್ಪಿದ ಹಾಗೇ ಇರುತ್ತೆ, ಪ್ಲಗ್ ಕೀಳೋವರೆಗೂ. "ರೀಸೆಟ್‌ಗೆ ಬಗ್ಗಲ್ಲ, ಕರೆಂಟ್ ತೆಗೆದು ಹಾಕಿದ್ರೆ ಸರಿ" ಅಂತ ಯಾರಾದ್ರೂ ಹೇಳಿದ್ರೆ ನಾನು ಮೊದಲು ನೋಡೋದು ಈ ಸಾಲನ್ನ.

ಸರಿ, ಮದ್ದು ಏನು. ಹಿಟಾಚಿ ಡೇಟಾಶೀಟಲ್ಲೇ ಇದೆ, ಇನ್‌ಸ್ಟ್ರಕ್ಷನ್ ಕಳಿಸಿ ಇನಿಶಿಯಲೈಸ್ ಮಾಡೋದು ಅಂತ ಒಂದು ಚಿತ್ರ ಇದೆ, ಎಲ್ಲರೂ ನೋಡಿರ್ತೀವಿ. ಮೂರು ಸಲ 3, ಆಮೇಲೆ 2. ನಾನೂ ನೋಡಿದ್ದೆ, "ಒಂದೇ ಮಾತನ್ನ ಮೂರು ಸಲ ಯಾಕೆ ಹೇಳ್ಬೇಕು, ಒಳಗಿನ ರೀಸೆಟ್ ಇದ್ಯಲ್ಲ" ಅಂತ ಬಿಟ್ಬಿಟ್ಟಿದ್ದೆ. ಆ ಮೂರು 3 ಯಾಕೆ ಅಂತ ಕೂತು ಬಿಡಿಸಿ ನೋಡಿದಾಗ ಅದು ಎಷ್ಟು ಚೆಂದದ ಲೆಕ್ಕ ಅಂತ ಗೊತ್ತಾಯ್ತು, ಅದನ್ನೇ ಇಲ್ಲಿ ಪೂರ್ತಿ ಹೇಳ್ತೀನಿ.

ನಾವು ಎದ್ದಾಗ ಎಲ್‌ಸಿಡಿ ಮೂರು ಸ್ಥಿತಿಲಿ ಯಾವ್ದಾದ್ರೂ ಒಂದರಲ್ಲಿ ಇರ್ಬಹುದು. ಎಂಟು ಬಿಟ್‌ನಲ್ಲಿರ್ಬಹುದು. ಫೋರ್ ಬಿಟ್‌ನಲ್ಲಿ ಹೊಸ ಬೈಟಿಗೆ ಕಾಯ್ತಿರ್ಬಹುದು. ಫೋರ್ ಬಿಟ್‌ನಲ್ಲಿ ಅರ್ಧ ಬೈಟ್ ಕೈಲಿಟ್ಕೊಂಡು ಇನ್ನರ್ಧಕ್ಕೆ ಕಾಯ್ತಿರ್ಬಹುದು. ನಾಲ್ಕನೇದು ಇಲ್ಲ.

ಎಂಟು ಬಿಟ್‌ನಲ್ಲಿದ್ರೆ ಪ್ರತಿ 3ನೂ ಒಂದು ಪೂರ್ತಿ ಕಮಾಂಡ್, "ಎಂಟು ಬಿಟ್‌ಗೆ ಬಾ" ಅಂತ. ಆಗ್ಲೇ ಅಲ್ಲಿದೆ, ಮೂರು ಸಲ ಹೇಳಿದ್ರೂ ಅಲ್ಲೇ ಇರುತ್ತೆ.

ಫೋರ್ ಬಿಟ್‌ನಲ್ಲಿ ಹೊಸ ಬೈಟಿಗೆ ಕಾಯ್ತಿದ್ರೆ ಮೊದಲ ಎರಡು 3 ಸೇರಿ 0x33 ಆಗುತ್ತೆ. ಅದೂ "ಎಂಟು ಬಿಟ್‌ಗೆ ಬಾ" ಅನ್ನೋ ಕಮಾಂಡೇ, ಕೊನೇ ಎರಡು ಬಿಟ್ ಅದು ನೋಡಲ್ಲ. ಬಂತು ಎಂಟಕ್ಕೆ. ಮೂರನೇ 3 ಅದನ್ನೇ ಮತ್ತೆ ಹೇಳುತ್ತೆ.

ಅರ್ಧ ಕೈಲಿಟ್ಕೊಂಡಿದ್ರೆ ಮೊದಲ 3 ಆ ಹಳೇ ಅರ್ಧದ ಜೊತೆ ಸೇರಿ ಏನೋ ಒಂದಾಗುತ್ತೆ, ಏನಾದ್ರೂ ಆಗ್ಲಿ, ಆ ಲೆಕ್ಕ ಅಲ್ಲಿಗೆ ಚುಕ್ತಾ. ಎರಡನೇದು ಮೂರನೇದು ಸೇರಿ 0x33. ಬಂತು ಎಂಟಕ್ಕೆ.

ಅಂದ್ರೆ ಎಲ್ಲಿಂದ ಶುರುವಾದ್ರೂ ಮೂರನೇ 3 ಮುಗಿಯೋ ಹೊತ್ತಿಗೆ ಎಂಟು ಬಿಟ್‌ನಲ್ಲೇ ಇರ್ತೀವಿ. ಎರಡು ಸಲ ಸಾಕಾಗಲ್ಲ, ಮೂರನೇ ಸ್ಥಿತಿ ಕೈ ಕೊಡುತ್ತೆ. ನಾಲ್ಕು ಸಲ ಹೇಳೋ ಅಗತ್ಯ ಇಲ್ಲ. ಈಗ ಒಂಟಿ 2 ಕಳಿಸಿದ್ರೆ ಧೈರ್ಯವಾಗಿ ಫೋರ್ ಬಿಟ್.

ಇನ್ನು ಮಧ್ಯದ ಕಾಯುವಿಕೆ. ಮೊದಲ 3 ಆದ್ಮೇಲೆ 4.1 ಮಿಲಿಸೆಕೆಂಡ್‌ಗಿಂತ ಜಾಸ್ತಿ, ಎರಡನೇದಾದ್ಮೇಲೆ 100 ಮೈಕ್ರೋಸೆಕೆಂಡ್‌ಗಿಂತ ಜಾಸ್ತಿ ಅಂತಿದೆ. ಒಂದಕ್ಕೆ ಅಷ್ಟುದ್ದ, ಇನ್ನೊಂದಕ್ಕೆ ಇಷ್ಟೇ ಇಷ್ಟು. ಇದರ ಕಾರಣ ಅಲ್ಲಿ ಬರೆದಿಲ್ಲ, ಆದ್ರೆ ಮೂರನೇ ಸ್ಥಿತಿ ನೆನಪಿಟ್ಕೊಂಡು ನೋಡಿದ್ರೆ ಲೆಕ್ಕ ಕೂಡುತ್ತೆ. ಕೈಲಿದ್ದ ಅರ್ಧ 0 ಆಗಿದ್ರೆ ಮೊದಲ 3 ಸೇರಿ 0x03 ಆಗುತ್ತೆ, ಅದು ಹೋಮ್ ಕಮಾಂಡ್. ಮಾಮೂಲಿ ಕಮಾಂಡ್‌ಗಳಿಗೆ 37 ಮೈಕ್ರೋಸೆಕೆಂಡ್ ಸಾಕು, ಹೋಮ್‌ಗೆ 1.52 ಮಿಲಿಸೆಕೆಂಡ್ ಬೇಕು. ಈ ಟೈಮೆಲ್ಲಾ ಚಿಪ್ಪಿನ ಒಳಗಿನ ಆಸಿಲೇಟರ್ 270 ಕಿಲೋಹರ್ಟ್ಸ್‌ನಲ್ಲಿ ಓಡ್ತಿದೆ ಅಂತ ಹೇಳಿರೋದು, ಆದ್ರೆ ಅದು 190ರಿಂದ 350ರ ಮಧ್ಯೆ ಎಲ್ಲಿ ಬೇಕಾದ್ರೂ ಇರ್ಬಹುದು. 190ರಲ್ಲಿ ಓಡೋ ನಿಧಾನದ ಚಿಪ್ಪಿಗೆ 1.52 ಅನ್ನೋದು 2.16 ಮಿಲಿಸೆಕೆಂಡ್ ಆಗುತ್ತೆ. 4.1 ಅದನ್ನ ನುಂಗ್ಕೊಂಡು ಇನ್ನೂ ಜಾಗ ಉಳಿಸುತ್ತೆ. ಎರಡನೇ 3 ಆದ್ಮೇಲೆ ಯಾವ ಸ್ಥಿತಿಲೂ ದೊಡ್ಡ ಕಮಾಂಡ್ ಓಡಕ್ಕೆ ಸಾಧ್ಯ ಇಲ್ಲ, ಫಂಕ್ಷನ್ ಸೆಟ್ ಓಡ್ಬಹುದು ಇಲ್ಲಾ ಅರ್ಧ ಬೈಟ್ ಕೂತಿರ್ಬಹುದು, ಅದಕ್ಕೇ 100 ಮೈಕ್ರೋ ಸಾಕು.

ಬಿಝಿ ಫ್ಲ್ಯಾಗ್ ಓದಿ ಕಾಯ್ಬಹುದಲ್ಲ ಅಂತ ಕೇಳ್ಬಹುದು. ಈ ಹಂತದಲ್ಲಿ ಆಗಲ್ಲ, ಮೂರು 3 ಮುಗಿಯೋ ತನಕ ಅದನ್ನ ಓದೋ ಹಾಗಿಲ್ಲ ಅಂತ ಡೇಟಾಶೀಟೇ ಹೇಳುತ್ತೆ. ಎಷ್ಟು ಬಿಟ್ ಮೋಡಲ್ಲಿದೆ ಅಂತಾನೇ ಗೊತ್ತಿಲ್ದಾಗ ಓದಿದ್ದಕ್ಕೆ ಅರ್ಥ ಇರಲ್ಲ. ನನ್ನ ಬೋರ್ಡಲ್ಲಂತೂ ರೀಡ್ ರೈಟ್ ಪಿನ್ ನೇರ ಗ್ರೌಂಡ್‌ಗೆ ಹಾಕಿದ್ದೆ, ಓದೋ ಮಾತೇ ಇಲ್ಲ.

ಹೊಸ ಕೋಡ್ ಇದು. ಡೇಟಾ ಪೋರ್ಟ್ ಡಿಯ ಮೇಲಿನ ನಾಲ್ಕು ಪಿನ್, ರಿಜಿಸ್ಟರ್ ಸೆಲೆಕ್ಟ್ PB0, ಎನೇಬಲ್ PB1:

```c
static void nib(uint8_t n)
{
    PORTD = (PORTD & 0x0F) | (uint8_t)(n << 4);
    PORTB |= (1 << PB1);
    _delay_us(1);
    PORTB &= ~(1 << PB1);
    _delay_us(1);
}

static void cmd(uint8_t c)
{
    PORTB &= ~(1 << PB0);
    nib(c >> 4);
    nib(c & 0x0F);
    _delay_us(60);
}

void lcd_init(void)
{
    PORTB &= ~((1 << PB0) | (1 << PB1));
    _delay_ms(50);
    nib(0x3); _delay_ms(5);
    nib(0x3); _delay_us(200);
    nib(0x3); _delay_us(200);
    nib(0x2); _delay_us(200);
    cmd(0x28);
    cmd(0x08);
    cmd(0x01); _delay_ms(3);
    cmd(0x06);
    cmd(0x0C);
}
```

ಇದರಲ್ಲಿ ಕೆಲವು ಸಂಖ್ಯೆಗಳ ಹಿಂದೆ ಕಥೆ ಇದೆ. ಮೊದಲ 50 ಮಿಲಿಸೆಕೆಂಡ್: ಹಿಟಾಚಿ ಪ್ರಕಾರ 4.5 ವೋಲ್ಟ್ ಮುಟ್ಟಿದ ಮೇಲೆ 15 ಸಾಕು, 2.7ರಿಂದ ಲೆಕ್ಕ ಹಾಕಿದ್ರೆ 40 ಬೇಕು. ಈಗ ಅಂಗಡಿಲಿ ಸಿಗೋದು ಹೆಚ್ಚಾಗಿ ಹಿಟಾಚಿ ಅಲ್ಲ, KS0066U ಇದ್ರೆ 30 ಕೇಳುತ್ತೆ, ST7066U ಇದ್ರೆ 40. ಕರಿ ಮುದ್ದೆ ಕೆಳಗೆ ಯಾವ್ದಿದೆ ಅಂತ ನೋಡಕ್ಕಾಗಲ್ಲ, ಅದಕ್ಕೇ 50. ಬೂಟ್ ಆಗೋವಾಗ ಇನ್ನೊಂದು ಹತ್ತು ಮಿಲಿಸೆಕೆಂಡ್ ಹೋದ್ರೆ ಯಾರಿಗೂ ತಿಳಿಯಲ್ಲ.

ಒಂಟಿ 2 ಆದ್ಮೇಲೆ 0x28ನ ಮತ್ತೆ ಪೂರ್ತಿ ಕಳಿಸ್ತಿರೋದನ್ನ ನೋಡಿ. 2 ಹೋಗೋವಾಗ ಚಿಪ್ಪು ಇನ್ನೂ ಎಂಟು ಬಿಟ್‌ನಲ್ಲಿದೆ, ಕೆಳಗಿನ ನಾಲ್ಕು ಲೈನ್‌ಗೆ ನಾವು ಏನೂ ಹಾಕಿಲ್ಲ, ಎಷ್ಟು ಸಾಲು ಅನ್ನೋ ಬಿಟ್ ಅಲ್ಲೇ ಇರೋದು. ಹಾಗಾಗಿ ಸಾಲಿನ ವಿಷಯ ಫೋರ್ ಬಿಟ್‌ಗೆ ಬಂದ್ಮೇಲೇ ಹೇಳ್ಬೇಕು.

60 ಮೈಕ್ರೋ ಯಾಕಂದ್ರೆ 37 ಅನ್ನೋದು ನಿಧಾನದ ಚಿಪ್ಪಲ್ಲಿ ಹತ್ತಿರ ಹತ್ತಿರ 53 ಆಗುತ್ತೆ. ಹಾಗೇ ಕ್ಲಿಯರ್ ಆದ್ಮೇಲೆ 3 ಮಿಲಿಸೆಕೆಂಡ್. ಹಳೇ ಕೋಡಲ್ಲಿ 2 ಇತ್ತು, ಕ್ಲಿಯರ್ ಕೊನೇಲಿತ್ತು, ಅದರ ಹಿಂದೇನೇ ಬರಹ ಹೋಗ್ತಿತ್ತು. ನನ್ನ ಹತ್ರ ಇದ್ದ ಆರು ಎಲ್‌ಸಿಡಿಲಿ ಒಂದು ಆವಾಗಾವಾಗ `OTOR ON` ಅಂತ ತೋರಿಸ್ತಿತ್ತು, M ಮಾಯ. ಆಗ ಕಾಂಟ್ರಾಸ್ಟ್ ಅಂದ್ಕೊಂಡು ಪಾಟ್ ತಿರುಗಿಸಿದ್ದೆ. ಅದು ಕ್ಲಿಯರ್ ಮುಗಿಯೋ ಮುಂಚೆನೇ ಅಕ್ಷರ ಕಳಿಸಿದ್ದರ ಫಲ. ಮೊದಲ ಅಕ್ಷರ ಮಾತ್ರ ಬಿಟ್ಟುಹೋದ್ರೆ ಈ ಕಾಯುವಿಕೆ ಹೆಚ್ಚಿಸಿ ನೋಡಿ.

ಇನ್ನೊಂದು ಗುಂಡಿ ಇದೆ ಇಲ್ಲಿ, ಎಷ್ಟೋ ಜನ ಬೀಳ್ತಾರೆ. `_delay_ms` ಅನ್ನೋದು `F_CPU` ನಂಬ್ಕೊಂಡಿರುತ್ತೆ. ಕೋಡಲ್ಲಿ 1 ಮೆಗಾಹರ್ಟ್ಸ್ ಅಂತ ಬರೆದು ಫ್ಯೂಸ್‌ನಲ್ಲಿ 8 ಇಟ್ಟಿದ್ರೆ ನಿಮ್ಮ 5 ಮಿಲಿಸೆಕೆಂಡ್ ಬರೀ 0.6 ಆಗಿರುತ್ತೆ, ಡೇಟಾಶೀಟ್ ಪ್ರಕಾರ ಎಲ್ಲಾ ಬರ್ದಿದ್ರೂ ಡಿಸ್‌ಪ್ಲೇ ಏಳಲ್ಲ. ಒಂದು ಎಲ್‌ಇಡಿನ ಸೆಕೆಂಡಿಗೊಮ್ಮೆ ಮಿನುಗಿಸಿ ಗಡಿಯಾರದ ಜೊತೆ ನೋಡಿದ್ರೆ ಗೊತ್ತಾಗಿಬಿಡುತ್ತೆ.

ಟೆಸ್ಟ್ ಮಾಡೋದು ಹೇಗೆ ಅನ್ನೋದು ನನಗೆ ಇನಿಟ್‌ಗಿಂತ ಮುಖ್ಯ ಅನ್ಸಿತ್ತು, ಯಾಕಂದ್ರೆ ಮೊದಲ ಸಲ ಮೋಸ ಹೋಗಿದ್ದು ಅಲ್ಲೇ. ಪ್ಲಗ್ ಕಿತ್ತು ಹಾಕಿದ್ರೆ ಎಲ್‌ಸಿಡಿ ಯಾವಾಗ್ಲೂ ಮೊದಲ ಸ್ಥಿತಿಲೇ ಇರುತ್ತೆ. ಮಿಕ್ಕ ಎರಡು ಸ್ಥಿತೀನ ಬೇಕಂತಾನೇ ಹುಟ್ಟಿಸ್ಬೇಕು. ಹೀಗೆ ಮಾಡ್ದೆ:

```c
for (uint8_t i = 0; i < 200; i++) {
    if (i & 1) nib(i & 0x0F);
    _delay_ms(5);
    lcd_init();
    lcd_puts("MOTOR ON");
    _delay_ms(300);
}
```

ಇಲ್ಲಿ ಬೆಸ ಸುತ್ತಲ್ಲಿ ಒಂದು ನಿಬಲ್ ಬೇಕಂತಾನೇ ಹೆಚ್ಚಿಗೆ ಹೋಗುತ್ತೆ, ಎಣಿಕೆ ಜಾರುತ್ತೆ, ಆಮೇಲೆ ಇನಿಟ್. ಹಳೇ ಇನಿಟ್ ಇದಕ್ಕೆ ಹಾಕಿದ್ರೆ ಎರಡು ಮೂರು ಸುತ್ತಲ್ಲೇ ಕಸ. ಹೊಸದು ಇನ್ನೂರು ಸುತ್ತು ಒಂದೇ ಸಮ `MOTOR ON` ತೋರಿಸ್ತು, ಆರು ಎಲ್‌ಸಿಡಿಲೂ. ಎರಡನೇ 3 ಒಂದನ್ನ ಕಾಮೆಂಟ್ ಮಾಡಿ ಓಡ್ಸಿದೆ, ಎರಡು ಸುತ್ತು ಕೆಟ್ಟು ಎರಡು ಸುತ್ತು ಸರಿಯಾಗಿ, ಹಾಗೇ ಬರ್ತಿತ್ತು, ಯಾಕಂದ್ರೆ ಜಾರಿದ ಎಣಿಕೆ ಮುಂದಿನ ಹೆಚ್ಚಿನ ನಿಬಲ್ ಬರೋವರೆಗೂ ಹಾಗೇ ಉಳೀತಿತ್ತು. ಕಾಗದದ ಮೇಲಿನ ಲೆಕ್ಕ ಕಣ್ಮುಂದೆ ಹಾಗೇ ನಡೆದಿದ್ದು ನೋಡಿ ಖುಷಿ ಆಯ್ತು.

ತೋಟಕ್ಕೆ ಹೋಗಿ ಹೊಸ ಪ್ರೋಗ್ರಾಂ ಹಾಕಿ ಚಿಕ್ಕಪ್ಪನ ಮುಂದೆ ಹದಿನೈದು ಸಲ ಮೋಟರ್ ಶುರು ಮಾಡ್ಸೋಣ ಅಂದ್ಕೊಂಡೆ, ಅವರು "ಮೋಟರ್ ಸುಟ್ಟುಹೋಗುತ್ತೆ ಕಣೋ, ಅಷ್ಟು ಸಲ ಬೇಡ" ಅಂತ ಐದಕ್ಕೇ ನಿಲ್ಲಿಸಿದ್ರು. ಐದು ಸಲಾನೂ ಪ್ರೊಸೆಸರ್ ರೀಸೆಟ್ ಆಯ್ತು, ಐದು ಸಲಾನೂ ಡಿಸ್‌ಪ್ಲೇ ಸರಿಯಾಗಿ ಎದ್ದಿತು. ವೋಲ್ಟೇಜ್ ಕುಸಿಯೋದು ಬೇರೆ ರೋಗ, ಅದಕ್ಕೆ ಆಮೇಲೆ 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಹಾಕಿ ಕೆಪಾಸಿಟರ್ ದೊಡ್ಡದು ಮಾಡ್ದೆ. ಆದ್ರೆ ಅದನ್ನ ಮೊದಲೇ ಮಾಡ್ಬಿಟ್ಟಿದ್ರೆ ಇನಿಟ್‌ನ ತಪ್ಪು ಒಳಗೇ ಅಡಗಿರ್ತಿತ್ತು, ಮುಂದೆ ವಾಚ್‌ಡಾಗ್ ಕಡಿದಾಗ ಮತ್ತೆ ಹೊರಗೆ ಬರ್ತಿತ್ತು, ಅದಕ್ಕೇ ಈ ಕ್ರಮದಲ್ಲಿ ಮಾಡಿದ್ದು.

ಎರಡು ವಿಷಯ ಉಳ್ಕೊಂಡ್ವು. ಒಂದು, ನೀರಿನ ಹನಿ ಚಿತ್ರ ಅಂತ ನಾನೇ ಒಂದು ಅಕ್ಷರ ಬರ್ಕೊಂಡಿದ್ದೆ. ಎಣಿಕೆ ಜಾರಿದಾಗ 0x60 ಥರದ ಕಮಾಂಡ್ ಹೋಗಿ ಆ ಮೆಮೊರಿಲಿ ಏನಾದ್ರೂ ಬಿದ್ದಿರ್ಬಹುದು, ಕ್ಲಿಯರ್ ಕಮಾಂಡ್ ಅದನ್ನ ಮುಟ್ಟಲ್ಲ. ಹಾಗಾಗಿ ಪ್ರತಿ ಇನಿಟ್ ಆದ್ಮೇಲೂ ಆ ಚಿತ್ರಾನ ಮತ್ತೆ ಬರೀತೀನಿ. ಎರಡನೇದು, ಮೂರು 3 ಕೆಲಸ ಮಾಡೋದು ನಾವು ಅದನ್ನ ಕರೆದಾಗ ಮಾತ್ರ. ಕಾಂಟ್ಯಾಕ್ಟರ್ ಬಿಡೋವಾಗ ಎನೇಬಲ್ ವೈರಿಗೆ ಒಂದು ಸುಳ್ಳು ಪಲ್ಸ್ ನುಗ್ಗಿ ಎಣಿಕೆ ಜಾರಿದ್ರೆ, ಪ್ರೊಸೆಸರ್ ರೀಸೆಟ್ ಆಗಿರಲ್ಲ, ಅದಕ್ಕೆ ಗೊತ್ತೂ ಆಗಲ್ಲ. ಅದಕ್ಕೆ ಮೋಟರ್ ಆನ್ ಇಲ್ಲಾ ಆಫ್ ಆದ ಎರಡು ಸೆಕೆಂಡ್ ಬಿಟ್ಟು, ಮೊದಲ 50 ಮಿಲಿಸೆಕೆಂಡ್ ಬಿಟ್ಟು ಮಿಕ್ಕ ಇನಿಟ್ ಎಲ್ಲಾ ಮತ್ತೊಮ್ಮೆ ಓಡ್ಸ್ತೀನಿ. ಕಣ್ಣಿಗೆ ಕಾಣೋದು ಒಂದು ಸಣ್ಣ ಮಿಣುಕು. ಎಲ್‌ಸಿಡಿಗೆ ಹೋಗೋ ರಿಬ್ಬನ್ ಕೇಬಲ್ಲನ್ನೂ ಒಂದು ಗೇಣಿಗೆ ಕತ್ತರಿಸಿ ಕಾಂಟ್ಯಾಕ್ಟರ್ ಕಾಯಿಲ್ ವೈರಿಂದ ಬೇರೆ ದಾರಿಲಿ ತಂದೆ.

ಮೊನ್ನೆ ಫೋನ್ ಮಾಡಿದಾಗ ಚಿಕ್ಕಪ್ಪ ಎಲ್‌ಸಿಡಿ ಬಗ್ಗೆ ಏನೂ ಹೇಳ್ಲಿಲ್ಲ, ನಾನೇ ಕೇಳ್ದೆ. "ಮೋಟರ್ ಶುರು ಮಾಡಿದಾಗ ಒಂದ್ಸಲ ಮಿಣುಕ್ ಅನ್ನುತ್ತೆ, ಆಮೇಲೆ ಬರುತ್ತೆ, ಅದೇನಾದ್ರೂ ತೊಂದ್ರೆನಾ?" ಅಂದ್ರು. ಇಲ್ಲ ಚಿಕ್ಕಪ್ಪ, ಅದು ಬೇಕಂತಾನೇ ಮಾಡಿರೋದು ಅಂದೆ.